ಎಂಟು ಹದಿನೇಳರ ಉಷಃಕಾಲ

ಕವಿತೆಯಲ್ಲಿ ಬೆಳಗಾಗಬೇಕಾದರೆ ಒಂದಿಷ್ಟು ಸಿಬ್ಬಂದಿ ಬೇಕು. ಕೋಳಿ ಕೂಗಬೇಕು, ಮೂಡಣ ಕೆಂಪೇರಬೇಕು, ಯಾರಾದರೂ ಎದ್ದು ಅಂಗಳಕ್ಕೆ ನೀರು ಚಿಮುಕಿಸಬೇಕು. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಇವರಾರೂ ಹಾಜರಿರುವುದಿಲ್ಲ. ಮೂಡಣದಲ್ಲಿ ಇನ್ನೊಂದು ಕಟ್ಟಡವಿದೆ. ಕೋಳಿಗಳಿವೆ, ಆದರೆ ಅಂಗಡಿಯ ಪಂಜರದಲ್ಲಿ. ಅವಕ್ಕೆ ಕೂಗುವ ಉಮೇದಿಲ್ಲ. ನಲ್ಲಿ ಮೊದಲು ಗಾಳಿಯನ್ನು ಬುಸುಗುಟ್ಟಿ, ಆಮೇಲೆ ಕೆಮ್ಮಿ, ಕೊನೆಗೆ ನೀರು ಬಿಟ್ಟಾಗ ನಮಗೆ ಬೆಳಗಾಯಿತೆಂದು ಲೆಕ್ಕ. ಅಲ್ಲಿಂದ ಮುಂದೆ ಸೂರ್ಯನಿಗೂ ನಮಗೂ ವ್ಯವಹಾರವಿಲ್ಲ. ಎಂಟು ಹದಿನೇಳರ ಲೋಕಲ್ ಒಂದೇ ದೈವ.

ಆ ಲೋಕಲ್ಲಿನಲ್ಲಿ ಕೈ ಮೇಲಕ್ಕೆತ್ತಿ ನಿಂತರೆ ಥಾಣೆಯವರೆಗೂ ಇಳಿಸಲು ಜಾಗ ಸಿಗುವುದಿಲ್ಲ. ಪುಸ್ತಕ ತೆರೆಯುವ ಮಾತೇ ಇಲ್ಲ. ನೆನಪಿನಲ್ಲಿರುವ ಹಾಡುಗಳನ್ನೇ ಬಿಚ್ಚಿ ಜೋಡಿಸುವ ಚಟ ಅಂಟಿಕೊಂಡದ್ದು ಹಾಗೆ. ಬೆಳಗಿನಿಂದ ರಾತ್ರಿಯವರೆಗೆ ಸಾಗುವ ಹಾಡಾದರೆ ನನ್ನ ಪರೀಕ್ಷೆ ಬಲು ಸರಳ. ಮೂರನೆಯ ನುಡಿಯನ್ನು ಎತ್ತಿ ಮೊದಲಿಗಿಡುತ್ತೇನೆ. ಹಾಡು ಮುರಿದು ಬಿದ್ದರೆ ಹೊತ್ತು ಅದರ ಬೆನ್ನೆಲುಬು. ಏನೂ ಆಗದಿದ್ದರೆ ಹೊತ್ತು ಬರಿಯ ಬಣ್ಣ. ಕವಿ ಬೆಳಗು, ಬೈಗು ಎಂದು ಪ್ರಾಸಕ್ಕಾಗಿ ಬರೆದಿರುತ್ತಾನೆ.

ಈ ಊರಿನಲ್ಲಿ ಬೆಳಗಿಗೆಂದೇ ಹಾಡಿನ ಒಂದು ಜಾತಿಯಿದೆ, ಭೂಪಾಳಿ. ದೇವರನ್ನು ಎಬ್ಬಿಸುವ ಹಾಡು. ವಿ. ಶಾಂತಾರಾಮರ ‘ಅಮರ ಭೂಪಾಳಿ’ 1951ರಲ್ಲಿ ಬಂದ ಮೇಲೆ ಹೋನಾಜಿ ಬಾಳಾನ ಭೂಪಾಳಿಯಂತೂ ಮರಾಠಿ ಮನೆಗಳ ರೇಡಿಯೋದಿಂದ ಇಳಿಯಲೇ ಇಲ್ಲ. ಭೂಪಾಳಿಯ ನುಡಿಗಳು ದಿನದ ಉದ್ದಕ್ಕೆ ಓಡುವುದಿಲ್ಲ. ಬೆಳಗಿನ ಅರ್ಧ ಗಂಟೆಯಲ್ಲೇ ಮನೆಯ, ಕೊಟ್ಟಿಗೆಯ, ಊರಿನ ಒಂದೊಂದೇ ಕೆಲಸವನ್ನು ತೋರಿಸುತ್ತ ನಿಂತಲ್ಲೇ ನಿಲ್ಲುತ್ತವೆ. ಎಲ್ಲವೂ ಒಟ್ಟಿಗೇ ನಡೆಯುತ್ತಿರುವಾಗ ಯಾವುದನ್ನು ಮೊದಲು ಹೇಳಿದರೇನು? ನುಡಿಗಳನ್ನು ಹಿಂದುಮುಂದು ಮಾಡಿದರೂ ದೇವರು ಏಳುತ್ತಾನೆ. ಇನ್ನೊಂದು ತಮಾಷೆಯೆಂದರೆ, ಹಿಂದುಸ್ತಾನಿ ಸಂಗೀತದಲ್ಲಿ ಭೂಪ್ ರಾತ್ರಿಯ ಮೊದಲ ಪ್ರಹರದ ರಾಗ. ಅವೇ ಐದು ಸ್ವರಗಳಲ್ಲಿ ಗಾಂಧಾರವನ್ನು ಬಿಟ್ಟು ಧೈವತಕ್ಕೆ ಒತ್ತು ಕೊಟ್ಟರೆ ದೇಶಕಾರ್ ಆಗಿ ಬೆಳಗಾಗಿಬಿಡುತ್ತದೆ. ಪದ್ಯದಲ್ಲಿಯೂ ಹೀಗೆಯೇ ನಡೆಯುತ್ತದೆ. ಅದೇ ಬೀದಿ, ಅದೇ ದೀಪ, ಅದೇ ಮನುಷ್ಯ. ಯಾವುದರ ಮೇಲೆ ಒತ್ತು ಬಿತ್ತು ಎನ್ನುವುದರ ಮೇಲೆ ಹೊತ್ತು ಬದಲಾಗುತ್ತದೆ.

ನಮ್ಮ ಕನ್ನಡದವರು ಮುಂಬಯಿಯ ಹೊತ್ತನ್ನು ಹಿಡಿದದ್ದಕ್ಕೆ ನನಗೆ ತಟ್ಟನೆ ನೆನಪಾಗುವುದು ಜಿ. ಎಸ್. ಶಿವರುದ್ರಪ್ಪನವರ ‘ಮುಂಬೈ ಜಾತಕ’. ಶಾಲೆಯಲ್ಲಿ ಓದಿದವರಿಗೆ ಅದರ ವಿನ್ಯಾಸ ಮರೆಯುವಂಥದ್ದಲ್ಲ. ಜಾತಕದಲ್ಲಿ ಕಾಲಂ ಇರುವಂತೆ ಹುಟ್ಟಿದ್ದು, ಬೆಳೆದದ್ದು, ಕಲಿತದ್ದು ಎಂದು ತಲೆಬರಹಗಳು. ಒಂದೊಂದರ ಮುಂದೆಯೂ ನಗರ ತುಂಬಿಸಿದ ಉತ್ತರ. ಅದರಲ್ಲಿ ಟ್ರಾಮೂ ಇದೆ, ವಿದ್ಯುತ್ ರೈಲೂ ಇದೆ. ವಿದ್ಯುತ್ ರೈಲು ಇಲ್ಲಿ ಓಡತೊಡಗಿದ್ದು 1925ರಲ್ಲಿ, ಕೊನೆಯ ಟ್ರಾಮು ಡಿಪೋ ಸೇರಿದ್ದು 1964ರ ಮಾರ್ಚ್ 31ರಂದು. ಪದ್ಯದ ನಗರ ಯಾವ ಕಾಲದ್ದೆಂದು ಹೇಳಲು ಇಷ್ಟು ಸಾಕು, ಪಂಚಾಂಗ ಬೇಡ.

ಜಾತಕವೆಂದರೆ ಒಂದು ಆಯುಷ್ಯದ ಲೆಕ್ಕ. ಆದರೆ ‘ಜೀವನ’ ಎಂಬ ಕಾಲಮ್ಮಿಗೆ ಬಂದಾಗ ಕವಿ ಬರೆಯುವುದು ಒಂದೇ ದಿನದ ದಿನಚರಿ. ಬೆಳಿಗ್ಗೆ ಮನೆ ಬಿಡುವುದು, ಸಾಲಿನಲ್ಲಿ ನಿಲ್ಲುವುದು, ಬಸ್ಸು ಹಿಡಿಯುವುದು, ಅಲ್ಲಿಂದ ಹಾಗೇ ರಾತ್ರಿ. ಎಪ್ಪತ್ತು ವರ್ಷ ಬರೆಯಬೇಕಾದ ಜಾಗದಲ್ಲಿ ಹದಿನೈದು ಗಂಟೆ. ಹಾಗೆಂದು ಅವರೆಲ್ಲೂ ಗೋಳಾಡುವುದಿಲ್ಲ. ಕಾಲಂ ತುಂಬಿಸುವ ಗುಮಾಸ್ತನ ದನಿಯಲ್ಲೇ ಹೇಳಿ ಮುಗಿಸುತ್ತಾರೆ. ನನ್ನ ಪರೀಕ್ಷೆಯನ್ನು ಇಲ್ಲಿ ಹಚ್ಚಿ ನೋಡಿ. ಬಸ್ಸು ಹಿಡಿದ ಮೇಲೆ ಸಾಲಿನಲ್ಲಿ ನಿಲ್ಲಿಸಲು ಬರುವುದಿಲ್ಲ. ಒಂದು ಸಾಲು ಜರುಗಿಸಿದರೂ ಮನುಷ್ಯ ಕಚೇರಿಗೆ ತಡವಾಗುತ್ತಾನೆ. ಮೇಲಿನ ಕಾಲಂಗಳು ಅಷ್ಟು ಬಿಗಿಯಲ್ಲ, ಕಲಿತದ್ದನ್ನು ಬೆಳೆದದ್ದಕ್ಕಿಂತ ಮುಂಚೆ ಇಟ್ಟರೂ ನಡೆದೀತು. ಆಯುಷ್ಯ ಸಡಿಲ, ದಿನ ಬಿಗಿ. ಮುಂಬಯಿಯಲ್ಲಿ ಬದುಕಿದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಮಗಳ ಮದುವೆ ಎರಡು ವರ್ಷ ಮುಂದೆ ಹೋದರೂ ತಡೆದುಕೊಳ್ಳುತ್ತೇವೆ, ಎಂಟು ಹದಿನೇಳು ಎಂಟು ಇಪ್ಪತ್ತೊಂದಾದರೆ ಪ್ಲಾಟ್‌ಫಾರ್ಮಿನಲ್ಲಿ ದೊಂಬಿ.

ಇದಕ್ಕೆ ತದ್ವಿರುದ್ಧವಾದ ಹಾಡು 1977ರ ‘ಘರೌಂದಾ’ ಚಿತ್ರದಲ್ಲಿದೆ. ಗುಲ್ಜಾರ್ ಬರೆದು, ಜೈದೇವ್ ರಾಗ ಹಾಕಿ, ಭೂಪಿಂದರ್ ಹಾಡಿದ್ದು. ಮುಂಬಯಿಯಲ್ಲಿ ಒಂದು ಸೂರು ಹುಡುಕುತ್ತ ಅಲೆಯುವ ಒಬ್ಬಂಟಿಯ ಹಾಡು. ಅದರ ಪಲ್ಲವಿಯಲ್ಲೇ ರಾತ್ರಿಯೂ ಮಧ್ಯಾಹ್ನವೂ ಇವೆ, ಅದೂ ರಾತ್ರಿ ಮೊದಲು, ಮಧ್ಯಾಹ್ನ ಆಮೇಲೆ. ಚರಣಕ್ಕೆ ಬಂದರೆ ಹಗಲಿಗೊಂದು ಹೋಲಿಕೆ, ಇರುಳಿಗೊಂದು ಹೋಲಿಕೆ ಅಕ್ಕಪಕ್ಕದಲ್ಲೇ ಕೂತಿವೆ. ನುಡಿಗಳನ್ನು ಹೇಗೆ ಕಲೆಸಿದರೂ ಹಾಡು ಅಲುಗುವುದಿಲ್ಲ. ಇದೇನು, ಗುಲ್ಜಾರರಿಗೂ ಪ್ರಾಸದ ಗರಜೇ ಎಂದು ಮೊದಲು ಅನಿಸುತ್ತದೆ. ಆದರೆ ಮನೆ ಇಲ್ಲದವನಿಗೆ ಬಿಟ್ಟು ಹೊರಡುವ ಬೆಳಗು ಎಲ್ಲಿಂದ ಬರಬೇಕು, ಮರಳಿ ಸೇರುವ ಸಂಜೆಯಾದರೂ ಎಲ್ಲಿಂದ? ಅವನ ದಿನಕ್ಕೆ ಎರಡು ಬಾಗಿಲೂ ಇಲ್ಲ. ಉಳಿದದ್ದು ಕಾಯುವ ಹಗಲು, ಕಾಯುವ ರಾತ್ರಿ. ಅಲ್ಲಿ ಹೊತ್ತು ಮುಂದೆ ಹೋಗದಿರುವುದೇ ಹಾಡಿನ ಕಟ್ಟು. ನನ್ನ ಪರೀಕ್ಷೆಯಲ್ಲಿ ಹಾಡು ನಪಾಸಾದರೂ ಕೆಲವೊಮ್ಮೆ ಅಂಕ ಕೊಡಬೇಕಾಗುತ್ತದೆ. ಲೋಕಲ್ಲಿನಲ್ಲಿ ನಿಂತು ಮೌಲ್ಯಮಾಪನ ಮಾಡುವವನು ಅಷ್ಟು ಉದಾರಿಯಾಗಿರಬೇಕು.

ಇದನ್ನೆಲ್ಲ ಒಂದು ಭಾನುವಾರ ನಮ್ಮ ಕನ್ನಡ ಸಂಘದ ಜಗಲಿಯಲ್ಲಿ ಹೇಳುತ್ತಿದ್ದಾಗ ಶೆಟ್ಟರು ಕೇಳಿಸಿಕೊಂಡರು. ಹುಡುಗನಾಗಿ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ಕೋಟೆ ಭಾಗದ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಆಮೇಲೆ ಗಲ್ಲಾದ ಮೇಲೆ ಕೂತವರು.

“ನಿಮ್ಮ ಕವಿ, ನಿಮ್ಮ ಗುಲ್ಜಾರ್ ಎಲ್ಲ ಸರಿ ಮಾರಾಯ್ರೆ. ಅದು ಆಫೀಸಿನವರ ದಿನ. ನಮ್ಮದು ನಾಲ್ಕು ಗಂಟೆಗೆ ಇಡ್ಲಿಹಂಡೆಗೆ ಬೆಂಕಿ ಹಾಕುವಲ್ಲಿಂದ ಶುರು. ಎಲ್ಲರಿಗೂ ಸಂಜೆ ಆಗುವಾಗ ನಮಗೆ ಶಾಲೆಯ ಗಂಟೆ. ರಾತ್ರಿ ಅಂದ್ರೆ ನಮಗೆ ಅ ಆ ಇ ಈ. ಇದನ್ನು ನಿಮ್ಮ ಬೆಳಗು, ಮಧ್ಯಾಹ್ನ, ಬೈಗಿನಲ್ಲಿ ಎಲ್ಲಿ ಇಡ್ತೀರಿ?”

ನಾನು ತಡವರಿಸಿದೆ. ಅಂಥ ಹಾಡಿನಲ್ಲಿ ಬೆಳಗು ಎರಡು ಸಲ ಆಗಬೇಕಾಗುತ್ತದೆ: ಒಂದು ಒಲೆಯ ಮುಂದೆ, ಇನ್ನೊಂದು ಕರಿಹಲಗೆಯ ಮುಂದೆ. ಎರಡನೆಯದನ್ನು ಮೊದಲಿಗೆ ತಂದರೆ ಹುಡುಗ ಪಾಠದಲ್ಲಿ ತೂಕಡಿಸುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಅಂದಮೇಲೆ ಇದು ಜಾತಕದಷ್ಟೇ ಬಿಗಿ ಎಂದೆ.

“ಮತ್ತೆ ಪಲ್ಲವಿ?” ಎಂದರು ಶೆಟ್ಟರು.

ಅದು ಒಳ್ಳೆಯ ಪ್ರಶ್ನೆ. ಹೊತ್ತಿನ ಹಾಡಿನಲ್ಲಿ ಅತ್ಯಂತ ಕಷ್ಟದ ಜಾಗವೇ ಪಲ್ಲವಿ. ಅದೇ ಮಾತು ಬೆಳಿಗ್ಗೆಯೂ ಸಲ್ಲಬೇಕು, ನಡುರಾತ್ರಿಗೂ ಸಲ್ಲಬೇಕು, ಆದರೆ ಪ್ರತಿಸಲವೂ ಹೊಸದಾಗಿ ಕೇಳಬೇಕು. ಬೆಳಗಿಗೆ ಮಾತ್ರ ಒಪ್ಪುವ ಪಲ್ಲವಿ ಬರೆದವರು ಮೂರನೆಯ ನುಡಿಯ ಹೊತ್ತಿಗೆ ಸಿಕ್ಕಿಬೀಳುತ್ತಾರೆ. ಇಷ್ಟನ್ನು ನಾನು ಗಂಭೀರವಾಗಿ ವಿವರಿಸಿದೆ.

“ಅಷ್ಟೇಯೋ?” ಎಂದು ಶೆಟ್ಟರು ಎದ್ದು ಚಪ್ಪಲಿ ಹುಡುಕಿದರು. “ಹಾಗಾದ್ರೆ ‘ಏಕ್ ಕಟಿಂಗ್’ ಅಂತ ಬರ್ಕೊಳ್ಳಿ. ಬೆಳಿಗ್ಗೆ ಐದಕ್ಕೆ ನಿದ್ದೆ ಬಿಡ್ಲಿಕ್ಕೆ ಕೇಳ್ತಾರೆ, ಮೂರಕ್ಕೆ ಸಾಹೇಬರ ಬೈಗುಳ ಮರೀಲಿಕ್ಕೆ, ರಾತ್ರಿ ಮನೆಗೆ ಹೋಗ್ಲಿಕ್ಕೆ ಮನಸ್ಸಿಲ್ಲದೆ. ಮಾತು ಅದೇ, ರೇಟು ಮಾತ್ರ ವರ್ಷಕ್ಕೊಂದು.”