ಗೂಡು ಮಾರಿದ ಮಾರ್ಗದರ್ಶಕರು

ಎಂ.ಎ. ಕಿರುಪ್ರಬಂಧದ ಕೃತಜ್ಞತೆಯ ಪುಟವನ್ನು ಯಾರೂ ಓದುವುದಿಲ್ಲ ಎಂದು ಬರೆಯುವವರ ನಂಬಿಕೆ. ಬೈಂಡ್ ಆಗಿ ಬಂದ ಮೇಲೆ ಊರಿನವರು ಓದುವುದು ಅದೊಂದನ್ನೇ, ಅದೂ ತಮ್ಮ ಹೆಸರಿದೆಯೇ ಎಂದು ನೋಡುವುದಕ್ಕೆ.

ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಯುವ ಮನೆಯ ಹುಡುಗಿ ನಂದಿಯ ಭೋಗನಂದೀಶ್ವರ ದೇವಾಲಯದ ಶಾಸನಗಳ ಮೇಲೆ ಬರೆದಿದ್ದಳು. ರೈಸ್ ಸಾಹೇಬರು 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟ ಅವಳಿಗೆ ಬಾಯಿಪಾಠ. ಅಧ್ಯಾಯಗಳಲ್ಲಿ ನನಗೆ ತಿದ್ದುವ ಕೆಲಸವೇ ಇರಲಿಲ್ಲ. ಕೃತಜ್ಞತೆಯ ಪುಟ ಮಾತ್ರ ಇಡೀ ಒಂದೇ ವಾಕ್ಯ. ಅದರ ಕೊನೆಯ ಭಾಗ ಹೀಗಿತ್ತು:

‘ಗೂಡು ಮಾರಿ ನನ್ನ ಶುಲ್ಕ ಕಟ್ಟಿದ ಪೂಜ್ಯ ಮಾರ್ಗದರ್ಶಕರಿಗೂ, ತಂದೆಯವರಿಗೂ, ರಾತ್ರಿಯೆಲ್ಲ ಹುಳುವಿಗೆ ಸೊಪ್ಪು ಹಾಕುತ್ತಲೇ ನನ್ನನ್ನು ಓದಿಸಿದ ತಾಯಿಯವರನ್ನೂ, ಗ್ರಂಥಪಾಲಕರನ್ನೂ ನೆನೆಯುತ್ತಾ ಅನಂತಾನಂತ ಕೃತಜ್ಞತೆಗಳನ್ನು ಸಲ್ಲಿಸಲು ಬಯಸುತ್ತೇನೆ.’

“ನಿಮ್ಮ ಗೈಡೂ ಹುಳು ಸಾಕ್ತಾರೇನಮ್ಮ?” ಎಂದೆ.

“ಅಯ್ಯೋ ಇಲ್ಲ ಸಾರ್! ಗೈಡ್ ಹೆಸರು ಅಪ್ಪನಿಗಿಂತ ಮುಂದೆ ಬರಬೇಕು ಅಂದ್ರು, ಎತ್ತಿ ಮುಂದಕ್ಕೆ ಹಾಕಿದೆ.”

ರೋಗ ಅಲ್ಲೇ ಇತ್ತು. ‘ಕಟ್ಟಿದ’ ಎಂಬ ಮಾತು ಮುಂದೆ ಯಾರು ಸಿಕ್ಕರೂ ಅವರನ್ನು ಹಿಡಿದುಕೊಳ್ಳುತ್ತದೆ. ಮರ್ಯಾದೆಯ ಸಾಲಿನಲ್ಲಿ ಜನರನ್ನು ಜರುಗಿಸಿದರೆ ಅವರವರ ಕೆಲಸ ಜೊತೆಗೆ ಜರುಗುವುದಿಲ್ಲ. ಇನ್ನೊಂದು ಗುರುತು ವಿಭಕ್ತಿ. ತಂದೆಗೆ ‘ಇಗೆ’, ತಾಯಿಗೆ ‘ಅನ್ನು’. ಕ್ರಿಯಾಪದ ದೂರವಾದಷ್ಟೂ ಬರೆಯುವವರಿಗೆ ತಾವು ವಂದಿಸುತ್ತಿದ್ದೇವೋ ನೆನೆಯುತ್ತಿದ್ದೇವೋ ಮರೆತುಹೋಗುತ್ತದೆ. ಬದುಕಿರುವ ಗ್ರಂಥಪಾಲಕರನ್ನು ಸುಮ್ಮನೆ ‘ನೆನೆದರೆ’ ಅವರಿಗೆ ಏನನ್ನಿಸಬೇಕು! ಕೊನೆಗೆ ‘ಸಲ್ಲಿಸಲು ಬಯಸುತ್ತೇನೆ’. ಸಲ್ಲಿಸುವುದು ಯಾವಾಗಲೋ, ವೈವಾಕ್ಕೆ ಮುಂಚೆಯೋ ಆಮೇಲೋ.

“ನಿನ್ನ ಶಾಸನಗಳನ್ನೇ ನೋಡು” ಎಂದೆ. ದಾನಶಾಸನ ಕೊಟ್ಟವರ ಹೆಸರು ಹೇಳುತ್ತದೆ, ಕೊಟ್ಟದ್ದನ್ನು ಹೇಳುತ್ತದೆ, ಭೂಮಿಯಾದರೆ ಎಲ್ಲೆ ಹೇಳಿ ಸಾಕ್ಷಿ ಹಾಕಿಸುತ್ತದೆ. ‘ಅನಂತಾನಂತ’ಕ್ಕೆ ಕಲ್ಲಿನಲ್ಲಿ ಜಾಗವಿಲ್ಲ. ಒಬ್ಬರಿಗೆ ಒಂದು ವಾಕ್ಯ, ಅವರು ಮಾಡಿದ್ದು ಅದರೊಳಗೇ ಎಂಬ ಲೆಕ್ಕದಲ್ಲಿ ತಿದ್ದಿದೆವು:

‘ಶಾಸನಗಳ ಪಾಠವನ್ನು ನನ್ನೊಡನೆ ಕೂತು ತಿದ್ದಿದವರು ಮಾರ್ಗದರ್ಶಕರು. ಅವರಿಗೆ ನಾನು ಋಣಿ. ಅಪ್ಪ ಗೂಡು ಮಾರಿದ ಹಣದಲ್ಲಿ ನನ್ನ ಶುಲ್ಕ ಕಟ್ಟಿದರು. ಹುಳು ನಾಲ್ಕನೇ ಜ್ವರ ಎದ್ದ ದಿನಗಳಲ್ಲೂ ಅಮ್ಮ ನನ್ನನ್ನು ಸೊಪ್ಪು ಕೊಯ್ಯಲು ಕರೆಯಲಿಲ್ಲ. ಹಳೆಯ ಸಂಪುಟವನ್ನು ಹುಡುಕಿಕೊಟ್ಟ ಗ್ರಂಥಪಾಲಕರಿಗೆ ವಂದನೆಗಳು.’

ಅಪ್ಪ ಅಮ್ಮನಿಗೆ ‘ಕೃತಜ್ಞತೆ’ ಎಂಬ ಪದವೇ ಇಲ್ಲವಲ್ಲ ಎಂದು ಅವಳಿಗೆ ಅಳುಕು. ಬೇಕಿಲ್ಲ ಎಂದೆ. ಹುಳು ಸಾಕಿದ ಯಾರನ್ನು ಬೇಕಾದರೂ ಕೇಳಿ, ಆ ಜ್ವರ ಎದ್ದ ಹುಳು ಹಗಲು ರಾತ್ರಿ ಸೊಪ್ಪು ಬೇಡುತ್ತದೆ. ಆಗ ಮನೆಯಲ್ಲಿ ಒಂದು ಕೈ ಬಿಟ್ಟುಕೊಡುವುದೆಂದರೆ ಏನೆಂದು ಅವರು ಹೇಳುತ್ತಾರೆ.

‘ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ಸಹಕರಿಸಿದ ಎಲ್ಲರಿಗೂ’ ಎಂಬುದನ್ನೂ ಹೊಡೆಯಹೊರಟೆ. ಅವಳು ಒಪ್ಪಲಿಲ್ಲ. “ಇರಲಿ ಬಿಡಿ ಸಾರ್. ಹೆಸರು ಬಿಟ್ಟುಹೋದ ಚಿಕ್ಕಪ್ಪಂದಿರೆಲ್ಲ ಅದರೊಳಗೆ ಬರ್ತಾರೆ.” ಮದುವೆ ಪತ್ರಿಕೆಯ ‘ಬಂಧುಮಿತ್ರರು’ ಮಾಡುವ ಕೆಲಸವನ್ನೇ ಈ ಸಾಲೂ ಮಾಡುತ್ತದೆ. ಚಿಕ್ಕಪ್ಪಂದಿರ ವಿಷಯದಲ್ಲಿ ಅವಳ ತಿಳಿವಳಿಕೆ ನನ್ನ ವ್ಯಾಕರಣಕ್ಕಿಂತ ದೊಡ್ಡದು. ಆ ಸಾಲು ಉಳಿಯಿತು.