ಯಾವೂರು ನಿಮ್ದು?

ನಮ್ಮ ಎಚ್ಚಾರ್ ಸಾಹೇಬರಿಗೆ ಒಂದು ವಿದ್ಯೆ ಸಿದ್ಧಿಸಿದೆ. ಯಾವ ಅಪರಿಚಿತನನ್ನಾದರೂ ಎದುರಿಗೆ ಕೂರಿಸಿ ಮೂರು ಪ್ರಶ್ನೆ ಕೇಳಿದರೆ ಸಾಕು, ನಾಲ್ಕನೆಯದಕ್ಕೆ ಅವನ ಸೋದರಮಾವನ ಹೆಸರನ್ನು ತಾವೇ ಹೇಳಿಬಿಡುತ್ತಾರೆ. "ಯಾವೂರು ನಿಮ್ದು?" "ಕಡೂರು ಸಾರ್." "ಟೌನೇನಾ, ಬೀರೂರು ರಸ್ತೆ ಕಡೇನಾ?" "ರಸ್ತೆ ಕಡೆ ಸಾರ್." "ಹಾಗಾದ್ರೆ ಕೊಬ್ಬರಿ ಮಂಡಿ ಇಟ್ಟಿದ್ರಲ್ಲ, ಅವರು ನಿಮಗೇನಾಗ್ಬೇಕು?" ಹುಡುಗ ಬೆರಗಾಗುತ್ತಾನೆ, ಸಾಹೇಬರು ಕುರ್ಚಿಗೆ ಒರಗುತ್ತಾರೆ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ನೇಮಕಾತಿ ನಡೆದದ್ದು ಹೀಗೆಯೇ. ಅವರ ವಿಭಾಗಕ್ಕೆ ಮೊದಲು ಪರ್ಸನಲ್ ಅಂತ ಬೋರ್ಡಿತ್ತು, ಆಮೇಲೆ ಎಚ್ಚಾರ್ ಅಂತಾಯಿತು. ಬೋರ್ಡು ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ.

ಅಂಥವರು ಒಂದು ಶನಿವಾರ ಬೆಳಿಗ್ಗೆ, ಹೊಸದಾಗಿ ಮ್ಯಾನೇಜರ್ ಆದ ನಮ್ಮ ಹನ್ನೊಂದು ಜನರನ್ನು ಟ್ರೈನಿಂಗ್ ಹಾಲಿಗೆ ಕರೆದು, ಬೋರ್ಡಿನ ಮೇಲೆ ದೊಡ್ಡದಾಗಿ 'ಯಾವೂರು?' ಎಂದು ಬರೆದು, ಅದರ ಮೇಲೆ ಅಡ್ಡಗೆರೆ ಎಳೆದರು. ಎಳೆಯುವಾಗ ಅವರ ಕೈ ಸ್ವಲ್ಪ ನಡುಗಿದ್ದನ್ನು ಮೊದಲ ಸಾಲಿನಲ್ಲಿದ್ದ ನಾನು ನೋಡಿದೆ.

"ಇನ್ಮೇಲೆ ಇಂಟರ್‌ವ್ಯೂನಲ್ಲಿ ಇದಿಲ್ಲ," ಅಂದರು. "ಊರು ಕೇಳ್ತೀವಿ, ಆಮೇಲೆ ಅಪ್ಪನ ಹೆಸರು ಕೇಳ್ತೀವಿ, ಆಮೇಲೆ 'ಕ್ಯಾಂಟೀನ್ ಊಟ ನಿಮಗೆ ಆಗುತ್ತಲ್ಲ?' ಅಂತ ಬಹಳ ಕಾಳಜಿಯಿಂದ ಕೇಳ್ತೀವಿ. ಮೂರೇ ಮೆಟ್ಟಿಲು. ನಾಲ್ಕನೇದು ಕೇಳೋದೇ ಬೇಡ, ಜಾತಿ ತಾನಾಗಿ ಬಂದು ಮಡಿಲಲ್ಲಿ ಕೂತಿರುತ್ತೆ. ಕೇಳಿದೋನಿಗೆ ಅದು ಕುಶಲೋಪರಿ. ಎದುರಿಗೆ ಕೂತೋನಿಗೆ ಗೊತ್ತಿರುತ್ತೆ, ಅದೇನು ಅಂತ."

ಹಾಲಿನಲ್ಲಿ ಯಾರೂ ಕೆಮ್ಮಲಿಲ್ಲ.

ನಾವೆಲ್ಲ ಲೇಥು, ಗ್ರೈಂಡಿಂಗು, ಟೂಲ್ ರೂಮಿನಿಂದ ಮೇಲೆ ಬಂದವರು. ಮನುಷ್ಯರ ವಿಚಾರದ ಭಾಷಣ ನಮಗೆ ಚೌಚೌಬಾತಿನ ಮೇಲಿನ ಗೋಡಂಬಿ ಇದ್ದ ಹಾಗೆ. ಬಂದರೆ ತಿನ್ನುತ್ತೇವೆ, ಬರದಿದ್ದರೆ ಹುಡುಕುವುದಿಲ್ಲ. ಇದನ್ನು ಬಲ್ಲ ಸಾಹೇಬರು ಭಾಷಣ ಬಿಟ್ಟು, ಒಂದು ಡಿಜಿಟಲ್ ಮೈಕ್ರೋಮೀಟರನ್ನೂ ಹನ್ನೆರಡು ಮಿಲಿಮೀಟರಿನ ಒಂದು ಪಿನ್ನನ್ನೂ ಮೇಜಿನ ಮೇಲಿಟ್ಟರು. ಒಬ್ಬೊಬ್ಬರೇ ಬಂದು ಅಳೆದು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಹಾಕಿದೆವು. ಹನ್ನೊಂದು ಚೀಟಿಯಲ್ಲಿ ಅತಿ ಹೆಚ್ಚಿಗೂ ಅತಿ ಕಡಿಮೆಗೂ ಮೂರು ಮೈಕ್ರಾನ್ ವ್ಯತ್ಯಾಸ. ನಾವು ಮೀಸೆ ತಿರುವಿಕೊಂಡೆವು.

ಆಮೇಲೆ ಡಿಸ್ಪ್ಯಾಚಿನ ಒಬ್ಬ ಹುಡುಗನನ್ನು ಅಭ್ಯರ್ಥಿಯ ಹಾಗೆ ಕೂರಿಸಿದರು. ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸಕ್ಕೆ ಸಂದರ್ಶನ ಎಂದು ಲೆಕ್ಕ. ಪ್ರಶ್ನೆ ಒಂದೇ: "ನೀವು ಬಳಸ್ತಿದ್ದ ಗೇಜು ತಪ್ಪು ತೋರಿಸ್ತಿದೆ ಅಂತ ಗೊತ್ತಾದ ಒಂದು ಸಂದರ್ಭ ಹೇಳಿ. ಆಗ ಏನು ಮಾಡಿದ್ರಿ?"

ಹುಡುಗ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ. "ಮಾಸ್ಟರ್ ಇಟ್ಟು ನೋಡ್ದೆ ಸಾರ್. ಎಂಟು ಮೈಕ್ರಾನ್ ಜಾಸ್ತಿ ತೋರಿಸ್ತಿತ್ತು. ಕೆಂಪು ಟ್ಯಾಗ್ ಕಟ್ಟಿ ಕ್ಯಾಲಿಬ್ರೇಶನ್ನಿಗೆ ಕಳಿಸ್ದೆ. ಬೇರೆ ಗೇಜ್ ತಗೊಂಡು ಕೆಲಸ ಮುಂದುವರಿಸ್ದೆ."

ಒಂದರಿಂದ ಐದರೊಳಗೆ ಅಂಕ ಕೊಡಿ ಅಂದರು. ಕೊಟ್ಟೆವು. ಡಬ್ಬಿ ಮಗುಚಿದಾಗ ಎರಡೂ ಇತ್ತು, ಮೂರೂ ಇತ್ತು, ನಾಲ್ಕೂ ಇತ್ತು, ಐದೂ ಇತ್ತು. ಐದು ಕೊಟ್ಟ ಪ್ರೆಸ್ ಶಾಪಿನವರು "ಗಟ್ಟಿಯಾಗಿ ಮಾತಾಡ್ದ, ಅಂಜಿಕೆ ಇಲ್ಲ" ಅಂದರು. ಎರಡು ಕೊಟ್ಟ ಸ್ಟೋರ್ಸಿನವರಿಗೆ ಅವನು ಕಾಲಿನ ಮೇಲೆ ಕಾಲು ಹಾಕಿದ್ದು ಹಿಡಿಸಿರಲಿಲ್ಲ. ನಾಲ್ಕು ಕೊಟ್ಟವನು ನಾನು. ಕಾರಣ ಕೇಳಿದಾಗ ಏನೋ ಗೊಣಗಿದೆ. ನಿಜ ಏನೆಂದರೆ ಹುಡುಗ ನನ್ನ ತಮ್ಮನ ಹಾಗಿದ್ದ.

"ಗೇಜ್ ಆರ್ ಅಂಡ್ ಆರ್ ಮಾಡ್ತೀರಲ್ಲ ನೀವು," ಸಾಹೇಬರು ಶುರು ಮಾಡಿದರು. "ಒಂದೇ ಪೀಸು, ಮೂರು ಜನ ಅಳೀತಾರೆ, ಒಬ್ಬೊಬ್ಬರೂ ಮತ್ತೆ ಮತ್ತೆ ಅಳೀತಾರೆ. ಅಳೆಯೋದರಲ್ಲೇ ಇರೋ ವ್ಯತ್ಯಾಸ ಹತ್ತು ಪರ್ಸೆಂಟ್ ಒಳಗಿದ್ರೆ ಗೇಜು ಒಪ್ಪಿಗೆ. ಮೂವತ್ತು ದಾಟಿದ್ರೆ ತೆಗೆದು ಆಚೆ ಇಡ್ತೀರಿ. ಈಗ ನಿಮ್ಮ ಹನ್ನೊಂದು ಜನಾನ ಎಲ್ಲಿ ಇಡಲಿ?"

ಮೈಕ್ರಾನಿಗೆ ಜಗಳ ಆಡುವ ನಾವು ಮನುಷ್ಯನನ್ನು ಮೊಳ ಹಾಕಿ ಅಳೆಯುತ್ತಿದ್ದೆವು, ಅದೂ ಒಬ್ಬೊಬ್ಬರ ಮೊಳ ಒಂದೊಂದು ಉದ್ದ. ಮೀಸೆಗಳು ಇಳಿದವು.

ಆಗ ಸಾಹೇಬರು ಒಂದು ಹಾಳೆ ಹಂಚಿದರು. ಅದೇ ಪ್ರಶ್ನೆಗೆ ಯಾವ ಉತ್ತರ ಬಂದರೆ ಎಷ್ಟು ಅಂಕ ಎಂದು ಮೊದಲೇ ಬರೆದಿತ್ತು. ಗೇಜು ಬದಲಾಯಿಸಿದೆ ಅಥವಾ ಮೇಲಿನವರಿಗೆ ಹೇಳಿದೆ ಅಂತ ಅಷ್ಟೇ ಅಂದರೆ ಒಂದು. ಮಾಸ್ಟರಿನಿಂದ ತಪ್ಪನ್ನು ಖಚಿತ ಮಾಡಿಕೊಂಡು, ಗೇಜನ್ನು ಬಳಕೆಯಿಂದ ತೆಗೆದು ಕ್ಯಾಲಿಬ್ರೇಶನ್ನಿಗೆ ಕಳಿಸಿದರೆ ಮೂರು. ಇಷ್ಟರ ಮೇಲೆ, ಗೇಜು ಕೊನೆಯ ಸಲ ಸರಿಯಿದ್ದ ದಿನದಿಂದ ಇವತ್ತಿನವರೆಗೆ ಅದರಲ್ಲಿ ಅಳೆದು ಪಾಸು ಮಾಡಿದ ಮಾಲನ್ನು ಹುಡುಕಿ ಬೇರೆ ಇಟ್ಟು, ಹೊರಗೆ ಹೋಗಿದ್ದರೆ ಗ್ರಾಹಕರಿಗೆ ತಿಳಿಸುವ ಏರ್ಪಾಡು ಮಾಡಿದ್ದರೆ ಐದು. ನಡುವಿನವಕ್ಕೆ ಎರಡು, ನಾಲ್ಕು. ಕಾಲಿನ ಮೇಲೆ ಕಾಲಿಗೆ ಹಾಳೆಯಲ್ಲಿ ಜಾಗವೇ ಇರಲಿಲ್ಲ, ನನ್ನ ತಮ್ಮನಿಗೂ ಇರಲಿಲ್ಲ.

ಹುಡುಗ ಎರಡನೇ ಸಲ ಅದೇ ಉತ್ತರ ಒಪ್ಪಿಸಿದ. ಈ ಸಲ ಒಂಬತ್ತು ಜನ ಮೂರು ಕೊಟ್ಟೆವು. ಹಳೆಯ ಮಾಲಿನ ಸುದ್ದಿಯನ್ನೇ ಅವನು ಎತ್ತಿರಲಿಲ್ಲ ಎನ್ನುವುದು ಮೊದಲನೇ ಸಲ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಆಡಿಟ್ ಬಂದಾಗ ನಾವೇ ಸಿಕ್ಕಿಹಾಕಿಕೊಳ್ಳುವ ಜಾಗ ಅದು!

ಟೂಲ್ ರೂಮಿನವರಿಗೆ ಮಾತ್ರ ಹುಡುಗನ ಮೇಲೆ ಕನಿಕರ ಬಂತು. ಮುಂದಕ್ಕೆ ಬಾಗಿ, "ಅದಕ್ಕೆ ಮುಂಚೆ ಅಳೆದಿದ್ದ ಪೀಸುಗಳನ್ನ ಬೇರೆ ಎತ್ತಿಟ್ಟಿರ್ತೀಯ ತಾನೇ?" ಎಂದು ಕೇಳಿದರು. "ಹೌದು ಸಾರ್!" ಅಂದ ಹುಡುಗ, ಪಾಠದಲ್ಲಿ ಇಲ್ಲದಿದ್ದರೂ. ಅವರು ಐದು ಬರೆದರು.

"ಆ ಐದು ಯಾರದ್ದು?" ಸಾಹೇಬರು ಕೇಳಿದರು. "ಅವನದ್ದಾ, ನಿಮ್ಮದಾ?"

ಹಾಗಾಗಿ ಉಪಪ್ರಶ್ನೆಗೂ ಕಟ್ಟು ಬಂತು. "ಆಮೇಲೆ ಏನು ಮಾಡಿದ್ರಿ?" ಎಂದು ಎರಡು ಸಲ ಕೇಳಬಹುದು, ಎಲ್ಲ ಅಭ್ಯರ್ಥಿಗಳಿಗೂ ಎರಡೇ ಸಲ. ಉತ್ತರವನ್ನು ಪ್ರಶ್ನೆಯೊಳಗೆ ಕಟ್ಟಿಕೊಡುವ ಹಾಗಿಲ್ಲ. ಒಬ್ಬನಿಗೆ ಬುತ್ತಿ ಕಟ್ಟಿ ಇನ್ನೊಬ್ಬನನ್ನು ಉಪವಾಸ ಓಡಿಸಿ ಯಾರು ಮುಂದೆ ಬಂದರು ಎಂದು ನೋಡುವುದು ಪಂದ್ಯವೇ ಅಲ್ಲ ಅಂದರು. ಇನ್ನೊಂದು: ಪ್ಯಾನೆಲ್ಲಿನ ಮೂವರೂ ಅಂಕವನ್ನು ಪೆನ್ನಿನಲ್ಲಿ ಬರೆದು ಸಹಿ ಹಾಕಿದ ಮೇಲೇ ಬಾಯಿ ತೆರೆಯಬೇಕು. ಯಾಕೆಂದರೆ ಪ್ಲಾಂಟ್ ಹೆಡ್ಡು ಕಾಫಿ ಲೋಟ ಎತ್ತುತ್ತಾ "ಹುಡುಗ ಪರವಾಗಿಲ್ಲ" ಅಂದುಬಿಟ್ಟರೆ ಉಳಿದಿಬ್ಬರ ಎರಡು ಅಂಕ ಅಲ್ಲೇ ನಾಲ್ಕಾಗುತ್ತದೆ. ಮೂವರ ನಡುವೆ ಎರಡೋ ಹೆಚ್ಚೋ ಅಂತರ ಬಿದ್ದಾಗ ಮಾತ್ರ ಚರ್ಚೆ, ಅದೂ ಅಭ್ಯರ್ಥಿ ಆಡಿದ ಮಾತನ್ನು ಮುಂದಿಟ್ಟುಕೊಂಡು.

ಮೌಲ್ಡಿಂಗಿನ ಮೇಡಂ ಒಬ್ಬರೇ ನಮ್ಮಲ್ಲಿ ಹೆಂಗಸು. ತಮ್ಮನ್ನು ಈ ಕಾರ್ಖಾನೆಯಲ್ಲೇ "ಮದುವೆ ಯಾವಾಗಮ್ಮ?" ಎಂದು ಕೇಳಿದ್ದನ್ನು ನೆನಪಿಸಿದರು, ಕೇಳಿದ್ದು ಯಾರು ಅಂತ ಹೇಳಲಿಲ್ಲ. ಸಾಹೇಬರು ಕನ್ನಡಕ ಒರೆಸಿಕೊಂಡು ನೀರಾ ಮಾಥುರ್ ಕೇಸಿನ ಕತೆ ಹೇಳಿದರು. ಎಲ್‌ಐಸಿಯಲ್ಲಿ ಕೆಲಸಕ್ಕೆ ಸೇರುವ ಹೆಂಗಸರು ಆಗ ತಮ್ಮ ಮುಟ್ಟಿನ ದಿನ, ಗರ್ಭದ ವಿವರಗಳನ್ನೆಲ್ಲ ಅರ್ಜಿಯಲ್ಲಿ ಬರೆದುಕೊಡಬೇಕಿತ್ತು. ಆಕೆ ಹೆರಿಗೆ ರಜೆ ಹಾಕಿದ ಮೇಲೆ, ಗರ್ಭದ ವಿಷಯ ಮುಚ್ಚಿಟ್ಟಿದ್ದೀರಿ ಎಂದು ಪ್ರೊಬೇಷನ್ನಿನಲ್ಲೇ ತೆಗೆದುಹಾಕಿದರು. 1991ರಲ್ಲಿ ಸುಪ್ರೀಂ ಕೋರ್ಟು ಆಕೆಯನ್ನು ಮತ್ತೆ ತೆಗೆದುಕೊಳ್ಳಿ, ಆ ಕಾಲಂಗಳನ್ನು ಅರ್ಜಿಯಿಂದ ಕಿತ್ತುಹಾಕಿ ಎಂದಿತು. "ಬರೆಸ್ಕೊಳ್ಳೋದೇ ತಪ್ಪು ಅಂತ ಕೋರ್ಟು ಹೇಳಿದ್ದನ್ನ ನಾವು ಬಾಯಲ್ಲಿ ಕೇಳ್ತಾ ಬಂದ್ವಿ," ಅಂದರು. ನಂತರ ಮೇಡಂ ಕಡೆ ತಿರುಗಿ, "ಕೇಳಿದ್ದು ನಾನೇ. ತಪ್ಪಾಯ್ತಮ್ಮ," ಅಂದರು.

ಸಾಹೇಬರ ಮೇಲೆ ನನಗೆ ಗೌರವ ಮೂಡಿದ್ದು ಆಗ. ಅಲ್ಲಿಯವರೆಗೆ ಬರೀ ಪ್ರೀತಿಯಿತ್ತು.

ಪ್ರೆಸ್ ಶಾಪಿನವರು ಸುಮ್ಮನೆ ಬಿಡುವವರಲ್ಲ. "ಇಂಥ ನಾಲ್ಕು ಪ್ರಶ್ನೇಲಿ ಮನುಷ್ಯ ಗೊತ್ತಾಗಿಬಿಡ್ತಾನಾ ಸಾರ್? ನನ್ನ ಹೆಂಡ್ತಿಗೆ ಇಪ್ಪತ್ತು ವರ್ಷ ಆದ್ರೂ ನಾನು ಗೊತ್ತಾಗಿಲ್ಲ." ಸಾಹೇಬರು ಪಿನ್ನನ್ನು ಎತ್ತಿ ಹಿಡಿದರು. "ಇದರ ದಪ್ಪ ಅಳೆದ್ರಿ. ಗಟ್ಟಿತನ ಗೊತ್ತಾಯ್ತಾ? ಅದಕ್ಕೆ ಹಾರ್ಡ್‌ನೆಸ್ ಟೆಸ್ಟ್ ಬೇರೇನೇ ಇದೆ. ಹಂಗೇ, ಕೈಕೆಲಸ ನೋಡೋಕೆ ಮಿಷಿನ್ ಮುಂದೆ ನಿಲ್ಲಿಸಿ." ಸ್ಯಾಕೆಟ್ ಎಂಬ ಸಂಶೋಧಕರೂ ಸಂಗಡಿಗರೂ 2022ರಲ್ಲಿ ನೇಮಕಾತಿಯ ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದರಂತೆ. ಸಂದರ್ಶನದ ಅಂಕ ಮುಂದಿನ ಕೆಲಸಕ್ಕೆ ಪೂರ್ತಿ ತಾಳೆಯಾದರೆ 1, ತಾಳೆಯೇ ಇಲ್ಲದಿದ್ದರೆ 0 ಎಂದಿಟ್ಟುಕೊಂಡರೆ, ಹೀಗೆ ಕಟ್ಟಿದ ಸಂದರ್ಶನಕ್ಕೆ 0.42, ಬಾಯಿಗೆ ಬಂದಂತೆ ಕೇಳುವುದಕ್ಕೆ 0.19. "ನನ್ನ ಮೂವತ್ತು ವರ್ಷದ ಸರ್ವಿಸು ಆ ಎರಡನೇ ನಂಬರು," ಎಂದು ನಕ್ಕರು. ಒಂದು ಎಚ್ಚರಿಕೆಯನ್ನೂ ಕೊಟ್ಟರು: ಹನ್ನೊಂದು ಜನರೂ ಒಂದೇ ಅಂಕ ಕೊಟ್ಟರೆ ಅದು ಸರಿಯಾದ ಅಂಕ ಎಂದು ಹೇಳಲಾಗದು. ಝೀರೋ ತಪ್ಪಿದ ಗೇಜೂ ಪ್ರತಿ ಸಲ ಒಂದೇ ಅಳತೆ ತೋರಿಸುತ್ತದೆ. ಹಾಳೆಯನ್ನೇ ತಪ್ಪಾಗಿ ಬರೆದಿದ್ದರೆ ಎಲ್ಲರೂ ಒಟ್ಟಿಗೆ ತಪ್ಪುತ್ತೇವೆ. ಅದಕ್ಕೆ, ತೆಗೆದುಕೊಂಡವರು ವರ್ಷದ ಮೇಲೆ ಹೇಗೆ ಕೆಲಸ ಮಾಡುತ್ತಿದ್ದಾರೆ ಎಂದು ಹಾಳೆಯ ಪಕ್ಕ ಇಟ್ಟು ನೋಡುತ್ತಿರಬೇಕು.

ಸೋಮವಾರ ಮೊದಲ ಸಂದರ್ಶನ. ಪ್ಯಾನೆಲ್ಲಿನಲ್ಲಿ ಸಾಹೇಬರು, ಮೌಲ್ಡಿಂಗ್ ಮೇಡಂ, ನಾನು. ಹುಡುಗ ಒಳಗೆ ಬಂದು "ನಮಸ್ಕಾರ ಸಾರ್, ನಮಸ್ಕಾರ ಮೇಡಂ" ಅಂದ. ಆ ಎಳೆತ, ಆ ರಾಗ! ಮಲೆನಾಡಿನದ್ದೇ. ಸಾಹೇಬರ ಕಿವಿ ನಿಮಿರಿತು. ತುಟಿ 'ಯಾ' ಅನ್ನುವ ಆಕಾರಕ್ಕೆ ಬಂದು ನಿಂತಿತು. ಮೇಡಂ ಕೆಮ್ಮಿದರು. "ಯಾ... ಯಾವುದೇ ಗಡಿಬಿಡಿ ಬೇಡ," ಅಂದರು ಸಾಹೇಬರು, "ನೀರು ಕುಡೀರಿ. ನಾಲ್ಕು ಪ್ರಶ್ನೆ, ನಲವತ್ತು ನಿಮಿಷ. ನಾವು ಬರ್ಕೊಳ್ತಾ ಇರ್ತೀವಿ, ಅದಕ್ಕೆ ಹೆದರ್ಬೇಡಿ. ಶುಕ್ರವಾರದೊಳಗೆ ಹೌದೋ ಅಲ್ಲವೋ ಫೋನ್ ಬರುತ್ತೆ."

ನಲವತ್ತು ನಿಮಿಷ ಆ ಮನುಷ್ಯ ಪಟ್ಟ ಪಾಡನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಏಕಾದಶಿಯ ದಿನ ಹೋಳಿಗೆ ಮನೆಯಲ್ಲಿ ಕೂತವರ ಮುಖ. ಹುಡುಗ ಹೇಳಿದ್ದನ್ನೆಲ್ಲ ಬರೆದರು, ಎರಡೆರಡು ಸಲ "ಆಮೇಲೆ?" ಅಂದರು, ಮೂರನೇದು ಕೇಳಲಿಲ್ಲ. ಗೇಜಿನ ಪ್ರಶ್ನೆಗೆ ಅವನು ಹಳೆಯ ಲಾಟನ್ನು ಗೋದಾಮಿನಲ್ಲಿ ಹುಡುಕಿ ಮತ್ತೆ ಅಳೆದ ಕತೆಯನ್ನು ತಾನೇ ಹೇಳಿದ, ಗ್ರಾಹಕರ ವಿಷಯ ಮಾತ್ರ ಎತ್ತಲಿಲ್ಲ. ಮೂವರೂ ಬೇರೆ ಬೇರೆ ಬರೆದು ತೆರೆದಾಗ ಮೂರು ಹಾಳೆಯಲ್ಲೂ ನಾಲ್ಕು. ಸಹಿ ಹಾಕಿದೆವು, ಲಕೋಟೆಗೆ ಹಾಕಿ ಅಂಟಿಸಿದೆವು.

ಅಂಟು ಒಣಗುವ ಮೊದಲೇ ಸಾಹೇಬರು ಎದ್ದರು. ಕಿಟಕಿಯಿಂದ ನೋಡಿದರೆ ಗೇಟಿನ ಕಡೆಗೆ ಓಡುತ್ತಿದ್ದಾರೆ, ಕತ್ತಿನ ಐಡಿ ಕಾರ್ಡು ಬೆನ್ನಿನ ಮೇಲೆ ಹಾರುತ್ತಿದೆ. ಸೆಕ್ಯುರಿಟಿಯವನು ಏನೋ ಕಳುವಾಯಿತೆಂದು ತಾನೂ ಓಡಿದ. ಬಸ್ ಸ್ಟಾಪಿನ ಹತ್ತಿರ ಹುಡುಗನ ಹೆಗಲು ಹಿಡಿದು ನಿಲ್ಲಿಸಿ ಏನೋ ಕೇಳಿದರು. ಹುಡುಗ ಏನೋ ಅಂದ. ಸಾಹೇಬರ ಎರಡೂ ಕೈ ಮೇಲಕ್ಕೆ ಹೋದವು.

"ಕೊಪ್ಪವಂತೆ!" ಮೂರು ನಿಮಿಷದ ಮೇಲೆ ಏದುಸಿರು ಬಿಡುತ್ತಾ ಒಳಗೆ ಬಂದು ಹೇಳಿದರು. "ನಾನು ಶೃಂಗೇರಿ ಅನ್ಕೊಂಡಿದ್ದೆ."