ಆಫರ್ ಲೆಟರ್ ಜೊತೆ ಮುಕ್ತ ಮಾತುಕತೆ

ಕೆ.ಆರ್.ಪೇಟೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಹುಟ್ಟಿ, ಈಗ ಪಾಂಡವಪುರದ ಹುಡುಗನೊಬ್ಬನ ಪ್ಲಾಸ್ಟಿಕ್ ಫೈಲಿನಲ್ಲಿ ಬೆಚ್ಚಗೆ ಕೂತಿರುವ ದುಬೈ ಆಫರ್ ಲೆಟರ್ ನಮ್ಮೊಂದಿಗೆ ಮಾತಾಡಲು ಒಪ್ಪಿತು. ನೆತ್ತಿಯ ಮೇಲೆ ಲಾಂಛನ, ಬುಡದಲ್ಲಿ ನೇರಳೆ ಸೀಲು.

ಕೆಲಸ ಕೊಡೋ ಕಂಪನಿ ಯಾವುದು?

'ಪ್ರತಿಷ್ಠಿತ ಕಂಪನಿ' ಅಂತ ಮೈಮೇಲೇ ಬರ್ಕೊಂಡಿದೀನಲ್ಲ ಸಾರ್. ಹೆಸರು ವೀಸಾ ಬಂದ್ಮೇಲೆ ಹೇಳ್ತಾರೆ.

ಏನು ಕೆಲಸ?

ಹೆಲ್ಪರ್. ಯಾರಿಗೆ ಹೆಲ್ಪು ಅಂತ ಕೇಳ್ಬೇಡಿ. ದಿನಕ್ಕೆಷ್ಟು ಗಂಟೆ ಅಂತ ಬರೆಯೋಕೆ ಜಾಗ ಸಾಲ್ಲಿಲ್ಲ, ಸೀಲು ದೊಡ್ಡದಾಯ್ತು.

ದುಡ್ಡು?

ಒಂದೂವರೆ ಲಕ್ಷ ಅಷ್ಟೆ. ಅದ್ರಲ್ಲಿ ಐವತ್ತು ಸಾವಿರ ಇವತ್ತೇ ಬೇಕು, ಸೀಟು ತುಂಬ್ತಾ ಇದೆ.

ನೋಂದಾಯಿತ ಏಜೆಂಟ್ ಕೂಡ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ತಗೊಳ್ಳುವಂತಿಲ್ಲ. ರಸೀದಿಯನ್ನೂ ಕೊಡಬೇಕು.

ಅದು ಸೇವಾಶುಲ್ಕ. ನಮ್ಮದು ಫೈಲ್ ಚಾರ್ಜು, ಎಂಬೆಸಿ ಚಾರ್ಜು, ಅರ್ಜೆಂಟ್ ಚಾರ್ಜು. ಏಜೆಂಟಣ್ಣನ ಬಾಮೈದನ ಖಾತೆಗೆ ಯುಪಿಐ ಮಾಡಿದ್ರಾಯ್ತು. ರಸೀದಿ ಕೇಳಿದ್ರೆ ನಂಬಿಕೆ ಇಲ್ವಾ ಅಂತ ಅಣ್ಣ ಬೇಜಾರು ಮಾಡ್ಕೊತಾರೆ.

ಹುಡುಗ ಎಸ್ಸೆಸ್ಸೆಲ್ಸಿ ಫೇಲು. ಪಾಸ್‌ಪೋರ್ಟ್ ಇಸಿಆರ್. ಯುಎಇಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಬೇಕಲ್ಲ?

ಅದಕ್ಕೇ ವಿಸಿಟ್ ವೀಸಾ! ಅನುಮತಿ ಅಂತ ಹೋದ್ರೆ ಕರಾರುಪತ್ರ ಎಲ್ಲಿ, ಮಾಲೀಕ ಯಾರು, ವಿಮೆ ಎಲ್ಲಿ ಅಂತಾರೆ. ಇಲ್ಲದ್ದನ್ನ ಎಲ್ಲಿಂದ ತರೋಣ? ಏರ್‌ಪೋರ್ಟಲ್ಲಿ 'ಚಿಕ್ಕಪ್ಪನ ಮನೆಗೆ' ಅನ್ನು ಅಂತ ಹೇಳಿಕೊಟ್ಟಿದೀವಿ.

(ವಿಸಿಟ್ ವೀಸಾದಲ್ಲಿ ದುಡಿಯುವುದು ಅಲ್ಲಿ ಕಾನೂನುಬಾಹಿರ. ಸಿಕ್ಕಿಬಿದ್ದರೆ ತಪ್ಪು ಹುಡುಗನದು, ಲೆಟರಿನದಲ್ಲ. 'ಹೆಲ್ಪರ್' ಎಂಬ ಮಾತು ಎಲ್ಲಿಗೆ ಬೇಕಾದರೂ ಕರೆದೊಯ್ಯಬಲ್ಲದು: 2024ರ ಆರಂಭದಲ್ಲಿ ಸುದ್ದಿಯಾದ ಕಲಬುರಗಿಯ ಯುವಕರು ರಷ್ಯಾದಲ್ಲಿ ಕೆಲಸವಿದೆ ಎಂಬ ಭರವಸೆ ನಂಬಿ ಹೋಗಿ, ಉಕ್ರೇನ್ ಯುದ್ಧಭೂಮಿ ಕಂಡರು.)

ಏಜೆನ್ಸಿಯ ಪರವಾನಗಿ ಸಂಖ್ಯೆ?

ಇದೆ ಸಾರ್! ನೋಡಿ, ದಪ್ಪಕ್ಷರದಲ್ಲಿದೆ.

ವಿದೇಶಾಂಗ ಸಚಿವಾಲಯದ emigrate.gov.in ನಲ್ಲಿ ಈ ಸಂಖ್ಯೆ ಹುಡುಕಿದೆವು. ಪರವಾನಗಿ ಚಾಲ್ತಿಯಲ್ಲೇ ಇದೆ, ಆದರೆ ಅದು ಮುಂಬೈನ ಕಚೇರಿಯೊಂದರದು. ಆ ಪುಟದಲ್ಲೇ ಇದ್ದ ನಂಬರಿಗೆ ಫೋನ್ ಮಾಡಿದೆವು. ಶ್ರೀರಂಗಪಟ್ಟಣ, ಪಾಂಡವಪುರ ಕಡೆ ನಮ್ಮವರು ಯಾರೂ ಇಲ್ಲ ಎಂದರು.

ನನ್ನ ಮೇಲಿರೋ ನಂಬರಿಗೆ ಮಾಡ್ಬೇಕಿತ್ತು ಸಾರ್. ಅಲ್ಲಿ ಬಾಮೈದನೇ ಎತ್ತುತಿದ್ದ.

ಹುಡುಗನ ಪಾಸ್‌ಪೋರ್ಟ್ ಈಗ ಎಲ್ಲಿದೆ?

ಅಣ್ಣನ ಬೀರುವಿನಲ್ಲಿ ಭದ್ರವಾಗಿದೆ. ಮನೆಯವರು ಮನಸ್ಸು ಬದಲಾಯಿಸಿದ್ರೆ ಬಿಡಿಸ್ಕೊಳ್ಳೋಕೆ ಇಪ್ಪತ್ತು ಸಾವಿರ.

ಕೊನೆಯ ಪ್ರಶ್ನೆ...

ಕ್ಷಮಿಸಿ ಸಾರ್, ಹೊತ್ತಾಯ್ತು. ನಾಗಮಂಗಲದಲ್ಲೊಂದು ಮನೇಲಿ ಒಡವೆ ಅಡ ಇಡ್ತಾವ್ರಂತೆ. ನನ್ನಲ್ಲಿ ಹೆಸರಿನ ಜಾಗಕ್ಕೆ ವೈಟ್ನರ್ ಹಚ್ಚಿ ಇನ್ನೊಂದು ಜೆರಾಕ್ಸ್ ತೆಗೆಸ್ಬೇಕು.